ಸ್ಫುಟಗೊಳಿಸಿದ ಚಿತ್ರದ ಬಣ್ಣವನ್ನು ಎಷ್ಟು ನಂಬಬಹುದು?

ಭೂಮಿಯಿಂದ 705 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಲ್ಯಾಂಡ್‌ಸ್ಯಾಟ್-8 ಉಪಗ್ರಹವು ಒಂದೇ ನೆಲವನ್ನು ಏಕಕಾಲದಲ್ಲಿ ಎರಡು ಬಗೆಯಾಗಿ ನೋಡುತ್ತದೆ. ನೀಲಿ, ಹಸಿರು, ಕೆಂಪು ಮತ್ತು ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಬೇರೆಬೇರೆಯಾಗಿ ಅಳೆದು ಅದು ಕಳುಹಿಸುವ ಬಹುವರ್ಣ ಚಿತ್ರದಲ್ಲಿ ಒಂದೊಂದು ಪಿಕ್ಸೆಲ್, ಎಂದರೆ ಚಿತ್ರದ ಒಂದೊಂದು ಚೌಕ, ನೆಲದ ಮೇಲೆ 30 ಮೀಟರ್ ಉದ್ದ 30 ಮೀಟರ್ ಅಗಲದ ಜಾಗಕ್ಕೆ ಸಮ. ಜೊತೆಯಲ್ಲಿಯೇ ಅದು ಬಣ್ಣವಿಲ್ಲದ ಇನ್ನೊಂದು ಚಿತ್ರವನ್ನೂ ತೆಗೆಯುತ್ತದೆ. ಹಲವು ಬಣ್ಣಗಳ ಬೆಳಕನ್ನು ಒಟ್ಟಾಗಿ ಸೇರಿಸಿ ಬೂದುಛಾಯೆಯಲ್ಲಿ ತೋರಿಸುವ ಈ ಚಿತ್ರಕ್ಕೆ ಪ್ಯಾಂಕ್ರೊಮ್ಯಾಟಿಕ್, ಅಥವಾ ಚುಟುಕಾಗಿ ಪ್ಯಾನ್, ಎಂಬ ಹೆಸರು ರೂಢಿಯಲ್ಲಿದೆ. ಇದರ ಚೌಕ 15 ಮೀಟರಿನದು. ಬಣ್ಣದ ಒಂದು ಚೌಕದೊಳಗೆ ಪ್ಯಾನ್ ಚಿತ್ರದ ನಾಲ್ಕು ಚೌಕಗಳು ಅಡಗುತ್ತವೆ.

ಬಣ್ಣದ ಚಿತ್ರವನ್ನೂ ಅಷ್ಟೇ ಸೂಕ್ಷ್ಮವಾಗಿ ಏಕೆ ತೆಗೆಯಬಾರದು ಎಂದು ವಾಚಕರು ಕೇಳಬಹುದು. ಅಡ್ಡಿಯಾಗುವುದು ಬೆಳಕಿನ ಕೊರತೆ. ಚೌಕದ ಬದಿ ಅರ್ಧವಾದರೆ ಅದರ ವಿಸ್ತಾರ ಕಾಲುಭಾಗವಾಗುತ್ತದೆ. ಅಲ್ಲಿಂದ ಬರುವ ಬೆಳಕೂ ಕಾಲುಭಾಗಕ್ಕೆ ಇಳಿಯುತ್ತದೆ. ಕೆಂಪಿನ ಪಟ್ಟಿಯಂತೂ ಬಲು ಕಿರಿದು, 0.64ರಿಂದ 0.67 ಮೈಕ್ರೋಮೀಟರ್ ತರಂಗಾಂತರದವರೆಗೆ ಮಾತ್ರ. ಪ್ಯಾನ್ ಪಟ್ಟಿಯಾದರೋ 0.50ರಿಂದ 0.68ರವರೆಗೆ ಹರಡಿರುವುದರಿಂದ ಅದಕ್ಕೆ ಹಲವು ಪಾಲು ಹೆಚ್ಚು ಬೆಳಕು ದೊರೆಯುತ್ತದೆ. ಚಿಕ್ಕ ಚೌಕದಿಂದಲೂ ನಂಬಲರ್ಹವಾದ ಅಳತೆ ಬರುತ್ತದೆ. ಬಣ್ಣವನ್ನು ಬಿಟ್ಟುಕೊಟ್ಟು ಸೂಕ್ಷ್ಮತೆಯನ್ನು ಪಡೆದ ಚಿತ್ರ ಒಂದು, ಸೂಕ್ಷ್ಮತೆಯನ್ನು ಬಿಟ್ಟುಕೊಟ್ಟು ಬಣ್ಣವನ್ನು ಪಡೆದ ಚಿತ್ರ ಇನ್ನೊಂದು.

ಎರಡನ್ನೂ ಬೆರೆಸಿ, ಸೂಕ್ಷ್ಮವೂ ವರ್ಣಮಯವೂ ಆದ ಮೂರನೆಯ ಚಿತ್ರವನ್ನು ಗಣಿತದಿಂದ ಪಡೆಯುವ ಕ್ರಮಕ್ಕೆ ಪ್ಯಾನ್‌ಶಾರ್ಪನಿಂಗ್ ಎನ್ನುತ್ತಾರೆ. ಫ್ರಾನ್ಸಿನ ಸ್ಪಾಟ್-1 ಉಪಗ್ರಹವು 1986ರಲ್ಲಿ 10 ಮೀಟರಿನ ಪ್ಯಾನ್ ಚಿತ್ರವನ್ನೂ 20 ಮೀಟರಿನ ಬಣ್ಣದ ಚಿತ್ರವನ್ನೂ ಒಟ್ಟಿಗೆ ಒದಗಿಸತೊಡಗಿದಂದಿನಿಂದ ಈ ಕಲೆ ಬೆಳೆಯಿತು. 1995ರ ಡಿಸೆಂಬರಿನಲ್ಲಿ ಮೇಲಕ್ಕೇರಿದ ನಮ್ಮ ಐಆರ್‌ಎಸ್-1ಸಿ ಉಪಗ್ರಹದ 5.8 ಮೀಟರಿನ ಪ್ಯಾನ್ ಚಿತ್ರವನ್ನು ಅದರದೇ 23.5 ಮೀಟರಿನ ಬಣ್ಣದ ಚಿತ್ರದೊಡನೆ ಬೆರೆಸುವ ಕೆಲಸ ನಮ್ಮ ದೇಶದಲ್ಲಿಯೂ ರೂಢಿಗೆ ಬಂತು. ಇಂದು ಯಾವ ಗಣಕದಲ್ಲಿಯಾದರೂ ಒಂದು ಗುಂಡಿ ಒತ್ತಿದರೆ ಇದು ಮುಗಿಯುವ ಕೆಲಸ. ನನ್ನ ಆಕ್ಷೇಪಣೆ ಈ ಸೌಲಭ್ಯಕ್ಕಲ್ಲ. ಹೀಗೆ ಹುಟ್ಟಿದ ಚಿತ್ರದ ಬಣ್ಣವನ್ನು ಯಾರೂ ಪರೀಕ್ಷಿಸದೆ, ಅಳೆದು ಪಡೆದ ಬಣ್ಣವೆಂಬಂತೆ ಬಳಸುವ ವಾಡಿಕೆಗೆ ನನ್ನ ಆಕ್ಷೇಪಣೆಯಿದೆ. ಆ ಬಣ್ಣ ಅಳತೆಯಲ್ಲ, ಊಹೆ. ಊಹೆ ಎಲ್ಲಿ ಸರಿ, ಎಲ್ಲಿ ತಪ್ಪು ಎಂಬುದನ್ನು ಒಂದು ಲೆಕ್ಕದ ಮೂಲಕ ವಿಚಾರಿಸೋಣ.

ಬಯಲುಸೀಮೆಯ ಒಂದು ಕೆರೆಯ ಆಸುಪಾಸನ್ನು ಕಣ್ಣಮುಂದೆ ತಂದುಕೊಳ್ಳಿ. ಏರಿಯ ಕೆಳಗೆ ಗದ್ದೆಯ ಹಸಿರು ಪೈರು, ಮೇಲ್ಗಡೆ ಬೇಸಗೆಯಲ್ಲಿ ಹಿಂಜರಿದ ನೀರು, ನೀರಿನ ಅಂಚಿಗೆ ಕೆರೆಯಂಗಳದ ಒಣ ಮಣ್ಣು. ಬಿದ್ದ ಬೆಳಕಿನಲ್ಲಿ ನೂರಕ್ಕೆ ಎಷ್ಟು ಪಾಲು ಹಿಂದಿರುಗುತ್ತದೆ ಎಂಬುದೇ ಪ್ರತಿಫಲನ. ಪೈರಿನ ಪ್ರತಿಫಲನ ಹಸಿರಿನಲ್ಲಿ 8, ಕೆಂಪಿನಲ್ಲಿ 4, ಅವಕೆಂಪಿನಲ್ಲಿ 42 ಎಂದಿರಲಿ. ಒಣ ಮಣ್ಣಿನದು ಅದೇ ಕ್ರಮದಲ್ಲಿ 12, 18, 24. ಲೆಕ್ಕ ಸುಲಭವಾಗಲೆಂದು ನಾನೇ ಆರಿಸಿಕೊಂಡ ಸಂಖ್ಯೆಗಳಿವು. ಆದರೂ ವಸ್ತುಸ್ವಭಾವಕ್ಕೆ ಹೊರತಾದವಲ್ಲ. ಎಲೆಯ ಹರಿತ್ತು ಕೆಂಪು ಬೆಳಕನ್ನು ನುಂಗುತ್ತದೆ, ಎಲೆಯೊಳಗಿನ ಜೀವಕೋಶಗಳ ರಚನೆ ಅವಕೆಂಪನ್ನು ಚೆದುರಿಸಿ ಹಿಂದಕ್ಕೆ ಕಳುಹಿಸುತ್ತದೆ. ಸಸ್ಯವಿದೆಯೇ ಇಲ್ಲವೇ ಎಂಬುದನ್ನು ಉಪಗ್ರಹದಿಂದ ಗುರುತಿಸುವುದು ಬಹುಮಟ್ಟಿಗೆ ಈ ಅಂತರದ ಬಲದಿಂದಲೇ.

ಅತ್ಯಂತ ಹಳೆಯ ವಿಧಾನ ಬಹು ಸರಳವಾದದ್ದು. ಮೂರು ಬಣ್ಣಗಳ ಸರಾಸರಿಯನ್ನು ಆ ಚೌಕದ 'ಉಜ್ವಲತೆ' ಎಂದು ಕರೆದು, ಅದನ್ನು ತೆಗೆದುಹಾಕಿ ಆ ಸ್ಥಾನದಲ್ಲಿ ಪ್ಯಾನ್ ಮೌಲ್ಯವನ್ನು ಕೂರಿಸುವುದು. ಎಂದರೆ ಪ್ಯಾನಿಗೂ ಉಜ್ವಲತೆಗೂ ಇರುವ ವ್ಯತ್ಯಾಸವನ್ನು ಮೂರೂ ಬಣ್ಣಗಳಿಗೆ ಸಮನಾಗಿ ಕೂಡಿಸುವುದು. ನಮ್ಮ ಉದಾಹರಣೆಯಲ್ಲಿ ಪೈರಿನ ಉಜ್ವಲತೆ 18, ಮಣ್ಣಿನದೂ 18. ಆದರೆ ಲ್ಯಾಂಡ್‌ಸ್ಯಾಟ್-8ರ ಪ್ಯಾನ್ ಪಟ್ಟಿಯೊಳಕ್ಕೆ ಅವಕೆಂಪು ಬರುವುದೇ ಇಲ್ಲ. ಅದು ಕಾಣುವುದು ಹೆಚ್ಚುಕಡಿಮೆ ಹಸಿರು ಮತ್ತು ಕೆಂಪಿನ ಸರಾಸರಿಯನ್ನು. ಅದರ ಕಣ್ಣಿಗೆ ಪೈರು 6, ಮಣ್ಣು 15. ಉಜ್ವಲತೆಯಲ್ಲಿ ಸರಿಸಮವಾಗಿದ್ದ ಎರಡು ವಸ್ತುಗಳು ಪ್ಯಾನಿನಲ್ಲಿ ಒಂದು ಕಪ್ಪು, ಒಂದು ಬಿಳುಪು.

ಕುರುಡಾಗಿ ಹೀಗೆ ಬದಲಿಸುವವರಿಲ್ಲ. ಮೊದಲು ಪ್ಯಾನಿನ ಸರಾಸರಿಯನ್ನು ಉಜ್ವಲತೆಯ ಸರಾಸರಿಗೆ ಹೊಂದಿಸುತ್ತಾರೆ. ಚಿತ್ರದಲ್ಲಿ ಅರ್ಧ ಪೈರು ಅರ್ಧ ಮಣ್ಣು ಇದ್ದರೆ ಪ್ಯಾನಿನ ಸರಾಸರಿ 10.5, ಅದನ್ನು 18ಕ್ಕೆ ತರಲು 7.5 ಕೂಡಿಸಬೇಕು. ಆಗ ಪೈರು 13.5, ಮಣ್ಣು 22.5 ಆಗುತ್ತವೆ. ಪೈರಿನ ಮೂರು ಬಣ್ಣಗಳಿಂದಲೂ 4.5 ಕಳೆಯಬೇಕು: ಹಸಿರು 3.5, ಅವಕೆಂಪು 37.5, ಕೆಂಪು ಸೊನ್ನೆಗಿಂತ ಅರ್ಧ ಕಡಿಮೆ! ಬಿದ್ದ ಬೆಳಕಿನಲ್ಲಿ ಋಣಪಾಲನ್ನು ಹಿಂದಿರುಗಿಸುವ ಎಲೆ ಲೋಕದಲ್ಲಿ ಎಲ್ಲಿದೆ? ಅವಕೆಂಪು ಮತ್ತು ಕೆಂಪಿನ ವ್ಯತ್ಯಾಸವನ್ನು ಅವುಗಳ ಮೊತ್ತದಿಂದ ಭಾಗಿಸಿ ಪಡೆಯುವ ಎನ್‌ಡಿವಿಐ ಎಂಬ ಸಸ್ಯಸೂಚಿ ಮೊದಲು 0.83 ಇದ್ದದ್ದು ಈಗ 1.03 ಆಯಿತು. ಈ ಸೂಚಿ 1ನ್ನು ಮೀರಕೂಡದು. ಪ್ಯಾನಿನ ಸರಾಸರಿಯ ಜೊತೆಗೆ ಅದರ ಏರಿಳಿತದ ಹರವನ್ನೂ ಹೊಂದಿಸುವ ರೂಢಿಯುಂಟು. ಅದರಿಂದ ತಪ್ಪಿನ ಪ್ರಮಾಣ ತಗ್ಗೀತು, ಒಡನೆಯೇ ಚಿತ್ರದ ಸೂಕ್ಷ್ಮತೆಯೂ ಮಂಕಾದೀತು. ತಪ್ಪಿನ ಮೂಲ ಮಾತ್ರ ಹೋಗದು. ಪ್ಯಾನ್ ಕಾಣದಿದ್ದ ಬಣ್ಣವನ್ನು ಪ್ಯಾನಿನ ಲೆಕ್ಕಕ್ಕೆ ಸೇರಿಸಿದ್ದೇ ಆ ಮೂಲ.

ಬ್ರೋವಿ ಎಂಬ ಇನ್ನೊಂದು ವಿಧಾನದಲ್ಲಿ ಕೂಡಿಸುವ ಬದಲು ಗುಣಿಸುತ್ತಾರೆ. ಪೈರಿನ ಮೂರೂ ಬಣ್ಣಗಳನ್ನು 13.5/18ರಿಂದ, ಎಂದರೆ ಮುಕ್ಕಾಲರಿಂದ, ಗುಣಿಸಿದರೆ 6, 3, 31.5 ಬರುತ್ತವೆ. ಬಣ್ಣಗಳ ಪರಸ್ಪರ ಪ್ರಮಾಣ ಕೆಡಲಿಲ್ಲ, ಸಸ್ಯಸೂಚಿಯೂ 0.83 ಆಗಿಯೇ ಉಳಿಯಿತು. ಇದನ್ನು ಕಂಡು ಈ ವಿಧಾನ ಬಣ್ಣವನ್ನು ಕಾಪಾಡುತ್ತದೆಂದು ಹೇಳುವವರುಂಟು. ಆದರೆ ಪೈರಿನ ಅವಕೆಂಪಿನಲ್ಲಿ ಕಾಲುಪಾಲು ಮಾಯವಾಗಿದೆ, ಮಣ್ಣಿನ ಬೆಳಕು ಕಾಲುಪಾಲು ಹೆಚ್ಚಿದೆ. ಬಣ್ಣದ ಏರುಪೇರನ್ನು ಅಳೆಯಲು ಬಳಕೆಯಲ್ಲಿರುವ 'ವರ್ಣಕೋನ' ಎಂಬ ಮಾನವು ಬಣ್ಣಗಳ ಪ್ರಮಾಣವನ್ನು ಮಾತ್ರ ನೋಡುವುದರಿಂದ ಇಲ್ಲಿ ದೋಷ ಸೊನ್ನೆ ಎನ್ನುತ್ತದೆ. ಒಂದೇ ಮಾನವನ್ನು ಹಿಡಿದು ತೀರ್ಪು ಕೊಡುವವರು ಇಂಥಲ್ಲಿಯೇ ಎಡವುತ್ತಾರೆ.

ಇಷ್ಟು ದೊಡ್ಡ ವ್ಯತ್ಯಾಸ ಕಣ್ಣಿಗೆ ಬೀಳದೆ ಹೋಗುವುದು ಹೇಗೆ? ಚಿತ್ರವನ್ನು ತೆರೆಯ ಮೇಲೆ ತೋರಿಸುವ ಗಣಕಸಾಧನವು ಅತಿ ಮಸುಕಾದ ಮೌಲ್ಯವನ್ನು ಕಪ್ಪಿಗೂ ಅತಿ ಹೊಳಪಿನ ಮೌಲ್ಯವನ್ನು ಬಿಳುಪಿಗೂ ಒಯ್ದು ಪ್ರತಿಯೊಂದು ಚಿತ್ರವನ್ನೂ ತನ್ನಷ್ಟಕ್ಕೆ ಹಿಗ್ಗಿಸಿ ತೋರಿಸುತ್ತದೆ. ಮೂಲಚಿತ್ರವನ್ನು ಒಂದು ರೀತಿಯಲ್ಲಿ, ಸ್ಫುಟಗೊಳಿಸಿದ್ದನ್ನು ಬೇರೊಂದು ರೀತಿಯಲ್ಲಿ ಹಿಗ್ಗಿಸಿ ಪಕ್ಕಪಕ್ಕದಲ್ಲಿಟ್ಟರೆ ಬಣ್ಣದ ನಷ್ಟ ಅರ್ಧಕ್ಕರ್ಧ ಮುಚ್ಚಿಹೋಗುತ್ತದೆ. ಎರಡಕ್ಕೂ ಒಂದೇ ಮಿತಿಗಳನ್ನು ಕೊಟ್ಟು ನೋಡಿದ ಹೊರತು ಕಣ್ಣಿನ ಸಾಕ್ಷ್ಯಕ್ಕೆ ಬೆಲೆಯಿಲ್ಲ. ಸಾಲದ್ದಕ್ಕೆ, ಅಂಚುಗಳು ಚೂಪಾದೊಡನೆ ಚಿತ್ರದ ಬಗ್ಗೆ ನಮ್ಮ ನಂಬಿಕೆಯೂ ಬೆಳೆದುಬಿಡುತ್ತದೆ.

ಮೊದಲನೆಯ ದೋಷಕ್ಕೆ ಪರಿಹಾರವಿದೆ. ಉಜ್ವಲತೆಯನ್ನು ಮೂರೂ ಬಣ್ಣಗಳಿಂದ ಕಟ್ಟದೆ, ಪ್ಯಾನ್ ನಿಜವಾಗಿ ಕಾಣುವ ಹಸಿರು ಕೆಂಪುಗಳಿಂದ ಮಾತ್ರ ಕಟ್ಟಿದರೆ ಪೈರಿಗೆ 6, ಮಣ್ಣಿಗೆ 15 ಬರುತ್ತವೆ. ಪ್ಯಾನಿನೊಡನೆ ವ್ಯತ್ಯಾಸವೇ ಉಳಿಯುವುದಿಲ್ಲ. ಏಕರೂಪವಾದ ಗದ್ದೆ, ಏಕರೂಪವಾದ ಹೊಲ ಇವುಗಳ ಬಣ್ಣ ಕೆಡುವುದಿಲ್ಲ. ಯಾವ ಉಪಗ್ರಹದ ಪ್ಯಾನ್ ಯಾವ ಬಣ್ಣಗಳನ್ನು ಕಾಣುತ್ತದೆ ಎಂಬುದನ್ನು ತಿಳಿದೇ ಇದನ್ನು ಮಾಡಬೇಕು. 1999ರಲ್ಲಿ ಹಾರಿದ ಲ್ಯಾಂಡ್‌ಸ್ಯಾಟ್-7ರ ಪ್ಯಾನ್ 0.90 ಮೈಕ್ರೋಮೀಟರಿನವರೆಗೆ ಹರಡಿ ಅವಕೆಂಪನ್ನೂ ಒಳಗೊಂಡಿತ್ತು, ಐಆರ್‌ಎಸ್-1ಸಿಯದು 0.75ಕ್ಕೇ ನಿಂತು ಅವಕೆಂಪನ್ನು ಹೊರಗಿಟ್ಟಿತ್ತು. ಒಂದಕ್ಕೆ ಸರಿಯಾದ ಸೂತ್ರ ಇನ್ನೊಂದಕ್ಕೆ ಸಲ್ಲದು.

ಹೆಚ್ಚು ಕಠಿಣವಾದ ತೊಡಕು ಎರಡು ವಸ್ತುಗಳು ಸಂಧಿಸುವ ಚೌಕದೊಳಗೆ ಇದೆ. ಅರ್ಧ ಪೈರು ಅರ್ಧ ಮಣ್ಣು ಇರುವ 30 ಮೀಟರಿನ ಒಂದು ಚೌಕವನ್ನು ತೆಗೆದುಕೊಳ್ಳಿ. ಅದರ ಅವಕೆಂಪು 33, ಪ್ಯಾನಿನ ಸರಾಸರಿ 10.5. ಒಳಗಿನ ನಾಲ್ಕು ಪ್ಯಾನ್ ಚೌಕಗಳಲ್ಲಿ ಎರಡು 6, ಎರಡು 15. ಸರಾಸರಿಯಿಂದ ಇವು ಸರಿದಿರುವ 4.5ನ್ನು ಅವಕೆಂಪಿಗೆ ಹಾಗೆಯೇ ಸೇರಿಸಿದರೆ ಪೈರಿನ ಭಾಗಕ್ಕೆ 28.5, ಮಣ್ಣಿನ ಭಾಗಕ್ಕೆ 37.5 ಬರುತ್ತದೆ. ನಿಜವಾದ ಮೌಲ್ಯಗಳು 42 ಮತ್ತು 24. ಪೈರು ಪ್ಯಾನಿನಲ್ಲಿ ಕಪ್ಪು, ಅವಕೆಂಪಿನಲ್ಲಿ ಬಿಳುಪು; ಆದುದರಿಂದ ಅಂಚು ತಿರುಗುಮುರುಗಾಯಿತು. ಗೆರೆ ಸರಿಯಾದ ಜಾಗದಲ್ಲಿಯೇ ಇದೆ, ಗೆರೆಯ ಎರಡು ಬದಿಗಳು ಅದಲುಬದಲಾಗಿವೆ.

ಇದಕ್ಕೂ ಉಪಾಯ ಕಂಡುಹಿಡಿದಿದ್ದಾರೆ. ಅಮೆರಿಕದ ಈಸ್ಟ್‌ಮನ್ ಕೊಡಾಕ್ ಸಂಸ್ಥೆಯ ಲೇಬನ್ ಮತ್ತು ಬ್ರೋವರ್ ಎಂಬವರು 2000ದಲ್ಲಿ ಪೇಟೆಂಟ್ ಪಡೆದ ಗ್ರಾಮ್-ಶ್ಮಿಟ್ ವಿಧಾನದಲ್ಲಿ, ಪ್ಯಾನಿನ ವಿವರವನ್ನು ಪ್ರತಿಯೊಂದು ಬಣ್ಣಕ್ಕೂ ಬೇರೆಬೇರೆ ಗುಣಕದಿಂದ ಗುಣಿಸಿ ಸೇರಿಸುತ್ತಾರೆ. ಆ ಬಣ್ಣ ಉಜ್ವಲತೆಯೊಡನೆ ಹೇಗೆ ಏರಿಳಿಯುತ್ತದೆ ಎಂಬುದನ್ನು ಇಡೀ ಚಿತ್ರದಿಂದ ಲೆಕ್ಕಹಾಕಿ ಗುಣಕವನ್ನು ನಿರ್ಧರಿಸುತ್ತಾರೆ. ಪೈರು ಮತ್ತು ಮಣ್ಣೇ ತುಂಬಿರುವ ನಮ್ಮ ಚಿತ್ರದಲ್ಲಿ ಪ್ಯಾನ್ 6ರಿಂದ 15ಕ್ಕೆ ಏರಿದಾಗ ಅವಕೆಂಪು 42ರಿಂದ 24ಕ್ಕೆ ಇಳಿಯುತ್ತದೆ; ಎಂದರೆ ಗುಣಕ ಋಣ 2. ಮೇಲಿನ ಚೌಕಕ್ಕೆ ಇದನ್ನು ಅನ್ವಯಿಸಿದರೆ ಪೈರಿಗೆ 42, ಮಣ್ಣಿಗೆ 24, ಕೂದಲೆಳೆಯಷ್ಟೂ ತಪ್ಪದೆ ಬರುತ್ತದೆ. ಇದು ನಿಜಕ್ಕೂ ಸುಂದರವಾದ ಯುಕ್ತಿ.

ಈಗ ಏರಿಯನ್ನು ದಾಟಿ ಕೆರೆಯ ಕಡೆಗೆ ಹೋಗೋಣ. ನೀರಿನ ಪ್ರತಿಫಲನ ಹಸಿರಿನಲ್ಲಿ 5, ಕೆಂಪಿನಲ್ಲಿ 3, ಅವಕೆಂಪಿನಲ್ಲಿ 1 ಎಂದಿರಲಿ. ಅವಕೆಂಪನ್ನು ನೀರು ಬಹುತೇಕ ನುಂಗಿಬಿಡುತ್ತದೆ. ಪ್ಯಾನಿನಲ್ಲಿ ನೀರು 4, ಪೈರಿನ ಹಾಗೆಯೇ ಕಪ್ಪು. ಅರ್ಧ ನೀರು ಅರ್ಧ ಒಣ ಮಣ್ಣು ಇರುವ ಚೌಕದ ಅವಕೆಂಪು 12.5, ಪ್ಯಾನಿನ ಸರಾಸರಿ 9.5. ನೀರಿನ ಭಾಗ ಸರಾಸರಿಗಿಂತ 5.5ರಷ್ಟು ಕೆಳಗಿದೆ. ಕೆರೆ ಚಿತ್ರದ ಸಣ್ಣ ಭಾಗವಾದ್ದರಿಂದ ಗುಣಕ ಋಣ 2 ಆಗಿಯೇ ಉಳಿಯಿತೆನ್ನಿ. ಆಗ ನೀರಿನ ಅವಕೆಂಪಿಗೆ 11 ಕೂಡಿ 23.5 ಆಗುತ್ತದೆ, ಮಣ್ಣಿನದು 11 ಕಳೆದು 1.5 ಆಗುತ್ತದೆ. ಕೆಂಪಿಗೂ ಅದರದೇ ಗುಣಕವನ್ನು ಹಾಕಿ ಸಸ್ಯಸೂಚಿಯನ್ನು ಎಣಿಸಿದರೆ ನೀರಿನ ಭಾಗಕ್ಕೆ 0.85 ಬರುತ್ತದೆ. ಗದ್ದೆಯ ನಿಜವಾದ ಪೈರಿಗಿಂತಲೂ ನೀರು ಹೆಚ್ಚು ಸೊಂಪಾಗಿ ಬೆಳೆಯಿತು! ನೀರಿನ ನಿಜವಾದ ಸೂಚಿ ಋಣ 0.5.

ಇದು ಬರಿಯ ಕಾಗದದ ಮೇಲಿನ ವಿನೋದವಲ್ಲ. ನೀರಿನ ಅಂಚು 4 ಕಿಲೋಮೀಟರ್ ಉದ್ದವಿರುವ ಕೆರೆಯನ್ನು ಯೋಚಿಸಿ. ಅಂಚಿನುದ್ದಕ್ಕೂ 15 ಮೀಟರ್ ಅಗಲದ ಹಸಿರು ಪಟ್ಟೆ ಮೂಡಿದರೆ ಅದು 6 ಹೆಕ್ಟೇರ್, ಸುಮಾರು 15 ಎಕರೆ. ಚಿತ್ರವನ್ನು ಮಾತ್ರ ನೋಡುವವನು ಕೆರೆಯಂಚಿನಲ್ಲಿ ಅಂತರಗಂಗೆ ಹಬ್ಬಿದೆಯೆಂದೋ, ಅಂಗಳದಲ್ಲಿ ಯಾರೋ ಬೆಳೆ ಇಟ್ಟಿದ್ದಾರೆಂದೋ ಬರೆದುಕೊಂಡಾನು. ಪಟ್ಟೆ ಸಮನಾಗಿ ಚೂಪಾಗಿ ಇರುವುದರಿಂದ ಅನುಮಾನಕ್ಕೂ ಎಡೆಯಿರುವುದಿಲ್ಲ.

ಬಣ್ಣದ ಪರೀಕ್ಷೆಗೆ ಸಾಮಾನ್ಯವಾಗಿ ಮುಂದಿಡುವ ಮೊದಲನೆಯ ಉಪಾಯವೆಂದರೆ, ಸ್ಫುಟಗೊಳಿಸಿದ ಚಿತ್ರವನ್ನು ಮತ್ತೆ 30 ಮೀಟರಿಗೆ ಸರಾಸರಿ ಮಾಡಿ ಮೂಲದೊಡನೆ ಹೋಲಿಸುವುದು. ಮೊದಲು ನೋಡಿದ ಬದಲಿ ವಿಧಾನ ಈ ಪರೀಕ್ಷೆಯಲ್ಲಿ ಸೋಲುತ್ತದೆ, ಬ್ರೋವಿಯೂ ಸೋಲುತ್ತದೆ. ಆದುದರಿಂದ ಪರೀಕ್ಷೆ ಬೇಕಾದದ್ದೇ. ಆದರೆ ನಮ್ಮ ಕೆರೆಯಂಚನ್ನು ನೋಡಿ: 23.5 ಮತ್ತು 1.5ರ ಸರಾಸರಿ 12.5, ಮೂಲಕ್ಕೆ ಸರಿಸಮ. ನೀರು ಪೈರಾಗಿ ನಿಂತಿದ್ದರೂ ಪರೀಕ್ಷೆ ಅದಕ್ಕೆ ಪೂರ್ಣಾಂಕ ಕೊಡುತ್ತದೆ. ಚೌಕದ ಒಟ್ಟು ಮೊತ್ತವನ್ನು ಅದು ಕಾಯುತ್ತದೆ, ಒಳಗಿನ ಹಂಚಿಕೆಯನ್ನು ಕಾಯುವುದಿಲ್ಲ. ಈ ಒಂದೇ ಪರೀಕ್ಷೆಯ ಬಲದ ಮೇಲೆ ಬಣ್ಣಕ್ಕೆ ಧಕ್ಕೆಯಿಲ್ಲವೆಂದು ಸಾರುವುದು ಸರಿಯಲ್ಲ ಎಂದು ನಾನು ಹೇಳುವುದು ಇದಕ್ಕಾಗಿ.

ಫ್ರಾನ್ಸಿನ ವಾಲ್ಡ್, ರಾಂಶಾನ್ ಮತ್ತು ಮಾಂಜೊಲಿನಿ ಎಂಬ ಮೂವರು 1997ರಲ್ಲಿ ಪ್ರಕಟಿಸಿದ ಪರೀಕ್ಷಾಕ್ರಮವು ಈ ಕೊರತೆಯನ್ನು ತುಂಬುತ್ತದೆ. 15 ಮೀಟರಿನ ನಿಜವಾದ ಬಣ್ಣದ ಚಿತ್ರ ನಮ್ಮಲ್ಲಿಲ್ಲವಾದ್ದರಿಂದ ಹೋಲಿಕೆಗೆ ಆಧಾರ ಸಿಕ್ಕದು. ಹಾಗಾದರೆ ಎಲ್ಲವನ್ನೂ ಒಂದು ಮೆಟ್ಟಿಲು ಕೆಳಗಿಳಿಸೋಣ. ಬಣ್ಣದ ಚಿತ್ರವನ್ನು 60 ಮೀಟರಿಗೂ ಪ್ಯಾನನ್ನು 30 ಮೀಟರಿಗೂ ಬೇಕೆಂದೇ ಒರಟುಗೊಳಿಸಿ, ಆ ಎರಡನ್ನು ಬೆರೆಸಿ 30 ಮೀಟರಿನ ಬಣ್ಣದ ಚಿತ್ರವನ್ನು ಪಡೆಯಬೇಕು. ಉಪಗ್ರಹವೇ ಅಳೆದ 30 ಮೀಟರಿನ ಚಿತ್ರ ಕೈಯಲ್ಲಿದೆ. ಈಗ ಒಂದರಿಂದ ಒಂದನ್ನು ಕಳೆಯಬಹುದು. ಕೆರೆಯಂಚಿನ ನೀರಿಗೆ ಬೆರಕೆಯ ಚಿತ್ರ 23.5 ಎಂದರೆ ಅಳತೆಯ ಚಿತ್ರ 1 ಎನ್ನುತ್ತದೆ. ತಪ್ಪು ಅಡಗಲು ಜಾಗವಿಲ್ಲ.

ಇಲ್ಲಿ ನನ್ನದೊಂದು ಒತ್ತಾಯವಿದೆ. ಫಲಿತಾಂಶವನ್ನು ಒಂದು ಸಂಖ್ಯೆಯಾಗಿ ಇಳಿಸಿ ಹೇಳಬಾರದು; ವ್ಯತ್ಯಾಸದ ಚಿತ್ರವನ್ನೇ ತೋರಿಸಬೇಕು. ಇಡೀ ಚಿತ್ರದ ಸರಾಸರಿ ದೋಷವೆಂದರೆ ಸಾವಿರಾರು ಎಕರೆ ಹೊಲಗಳ ಸಣ್ಣ ದೋಷದಲ್ಲಿ ಆರು ಹೆಕ್ಟೇರಿನ ದೊಡ್ಡ ದೋಷ ಕರಗಿಹೋಗುವುದು. ವ್ಯತ್ಯಾಸದ ಚಿತ್ರ ಮರಳು ಎರಚಿದಂತೆ ಗೊತ್ತುಗುರಿಯಿಲ್ಲದ ಚುಕ್ಕೆಗಳಿಂದ ತುಂಬಿದ್ದರೆ ನೆಮ್ಮದಿ. ಅದರಲ್ಲಿ ಕೆರೆಯ ಆಕಾರವೋ ರಸ್ತೆಯೋ ತೋಟದ ಬೇಲಿಯೋ ಗುರುತು ಸಿಕ್ಕಿದರೆ, ಆ ವಸ್ತುವಿನ ಬಣ್ಣವನ್ನು ವಿಧಾನ ಕೆಡಿಸಿದೆಯೆಂದೇ ಅರ್ಥ.

ಈ ಪರೀಕ್ಷೆಗೂ ಮಿತಿಯಿದೆ. 60ರಿಂದ 30ಕ್ಕೆ ಇಳಿಯುವಾಗ ಗೆದ್ದ ವಿಧಾನ 30ರಿಂದ 15ಕ್ಕೂ ಗೆಲ್ಲುತ್ತದೆಂಬುದು ನಂಬಿಕೆ ಮಾತ್ರ. 15 ಮೀಟರಿನಲ್ಲಿ ಮೊದಲ ಬಾರಿಗೆ ಕಾಣಿಸುವ ಕಾಲುವೆ ಕೆಳಗಿನ ಮೆಟ್ಟಿಲಲ್ಲಿ ಪರೀಕ್ಷೆಗೆ ಒಳಗಾಗಿರುವುದೇ ಇಲ್ಲ. ಎರಡು ಚಿತ್ರಗಳು ಒಂದರ ಮೇಲೊಂದು ಸರಿಯಾಗಿ ಕೂರದೆ ಅರ್ಧ ಚೌಕ ಪಕ್ಕಕ್ಕೆ ಸರಿದರಂತೂ ಯಾವ ಗುಣಕವೂ ಕಾಪಾಡದು. ಅಂಚುಗಳಿಗೆ ಒಂದು ಬದಿಯಲ್ಲಿ ಒಂದು ಬಣ್ಣದ, ಇನ್ನೊಂದು ಬದಿಯಲ್ಲಿ ಬೇರೊಂದು ಬಣ್ಣದ ಜರಿ ಕಟ್ಟುತ್ತದೆ. ಐಆರ್‌ಎಸ್-1ಸಿಯ ಪ್ಯಾನ್ ಕ್ಯಾಮೆರಾವನ್ನು ಪಕ್ಕಕ್ಕೆ 26 ಡಿಗ್ರಿಗಳವರೆಗೆ ಓರೆಯಾಗಿಸಬಹುದಾಗಿತ್ತು. ಒಂದು ದಿನದ ಪ್ಯಾನನ್ನು ಬೇರೊಂದು ದಿನದ ಬಣ್ಣಕ್ಕೆ ಬೆರೆಸಿದರೆ ನಡುವೆ ಕೊಯ್ಲಾದ ಗದ್ದೆ ಎರಡು ಕಾಲಗಳ ಮಿಶ್ರಣವಾಗಿಯೇ ಕಾಣುವುದು. ಇಡೀ ಚಿತ್ರಕ್ಕೆ ಒಂದೇ ಗುಣಕದ ಬದಲು ಪ್ರತಿಯೊಂದು ಸ್ಥಳದ ಸುತ್ತಮುತ್ತ ನೋಡಿ ಗುಣಕವನ್ನು ಬದಲಿಸುವ ವಿಧಾನಗಳು ಕೆರೆಯ ಮಧ್ಯಭಾಗದ ಅಂಚನ್ನು ಸರಿಪಡಿಸುತ್ತವೆ. ನೀರು, ಮಣ್ಣು, ಪೈರು ಮೂರೂ ಕೆಲವೇ ಮಾರುಗಳೊಳಗೆ ಕೂಡುವ ಏರಿಯ ಬುಡದಲ್ಲಿ ಅವೂ ತಡವರಿಸುತ್ತವೆ.

ಹೀಗಿರುವಲ್ಲಿ ಸ್ಫುಟಗೊಳಿಸುವುದನ್ನೇ ಬಿಡಬೇಕೆಂದು ವಾದಿಸುವವರ ಪಕ್ಷ ನನ್ನದಲ್ಲ. ಏರಿಯ ಗೆರೆ, ರಸ್ತೆಯ ತಿರುವು, ಊರಿನ ಎಲ್ಲೆ ಇವನ್ನು ಗುರುತಿಸಲು ಅದು ಒಳ್ಳೆಯ ಸಾಧನ. 'ಇದು ಕಣ್ಣಿಗಾಗಿ ಮಾಡಿದ ಚಿತ್ರ, ಬಣ್ಣದ ಚರ್ಚೆ ಏಕೆ' ಎನ್ನುವವರನ್ನೂ ನಾನು ಒಪ್ಪಲಾರೆ. ಕಣ್ಣು ನೆಲದ ಬಳಕೆಯನ್ನು ತೀರ್ಮಾನಿಸುವುದು ಬಣ್ಣದಿಂದಲೇ ಅಲ್ಲವೇ? ಪ್ರಕಟವಾಗುವ ಪ್ರತಿಯೊಂದು ಇಂಥ ಚಿತ್ರದ ಕೆಳಗೆ ಯಾವ ವಿಧಾನ, ಉಜ್ವಲತೆಗೆ ಯಾವ ಬಣ್ಣಗಳು, ಪ್ಯಾನಿನ ದಿನಾಂಕವೇನು ಎಂಬ ಮೂರು ವಿಷಯಗಳನ್ನಾದರೂ ಅಚ್ಚುಹಾಕತಕ್ಕದ್ದು. ಕೇಳಿದವರಿಗೆ ಮೂಲಚಿತ್ರವನ್ನೂ ವ್ಯತ್ಯಾಸದ ಚಿತ್ರವನ್ನೂ ಕೊಡತಕ್ಕದ್ದು. ಸಸ್ಯಸೂಚಿಯಂಥ ಅಳತೆಗಳನ್ನು ಸ್ಫುಟಗೊಳಿಸಿದ ಚಿತ್ರದಿಂದ ಎಣಿಸಲೇಬಾರದು.

ಅದರಿಂದ ನಷ್ಟವೂ ಹೆಚ್ಚಿಲ್ಲ. ಕೆರೆಯಂಚಿನ ಅದೇ ಚೌಕವನ್ನು ಸ್ಫುಟಗೊಳಿಸದೆ ಕೇಳಿ ನೋಡಿ. ಅವಕೆಂಪಿನಲ್ಲಿ ಬರಿಯ ನೀರು 1, ಬರಿಯ ಮಣ್ಣು 24. ಚೌಕದ ಮೌಲ್ಯ 12.5 ಎರಡರ ನಟ್ಟನಡುವೆ ಇದೆ. 900 ಚದರ ಮೀಟರಿನಲ್ಲಿ 450 ನೀರು ಎಂಬುದು ಒರಟು ಚಿತ್ರದಿಂದಲೇ ದೊರೆಯಿತು. ಆ 450 ಚದರ ಮೀಟರ್ ಚೌಕದ ಯಾವ ಬದಿಯಲ್ಲಿದೆ ಎಂಬುದನ್ನು ಪಕ್ಕದಲ್ಲಿಟ್ಟ ಪ್ಯಾನ್ ಚಿತ್ರದ ಎರಡು ಕಪ್ಪು ಚೌಕಗಳು ತೋರಿಸುತ್ತವೆ. ಅವುಗಳಿಗೆ ಬಣ್ಣ ಹಚ್ಚಬೇಕಾದ ಅಗತ್ಯವೇ ಬೀಳುವುದಿಲ್ಲ.